ಪ್ರವಾಹದ ಕೇಸ್ ಸ್ಟಡಿ ಉತ್ತರಕ್ಕೆ ಅಂಕ ಕೊಡುವುದು ಹೇಗೆ?

ಭೂಗೋಳದ ಉತ್ತರ ಪತ್ರಿಕೆಗಳಲ್ಲಿ ಕೇಸ್ ಸ್ಟಡಿ ಪ್ರಶ್ನೆ ಬಂದಾಗ ನಮ್ಮ ಕೆಂಪು ಪೆನ್ನಿಗೆ ಒಂದು ಅಭ್ಯಾಸವಿದೆ. ಊರಿನ ಹೆಸರು ಕಂಡರೆ ಒಂದು ಟಿಕ್, ಸಂಖ್ಯೆ ಕಂಡರೆ ಇನ್ನೊಂದು ಟಿಕ್. ಪುಟದ ಕೊನೆಗೆ ಬರುವಷ್ಟರಲ್ಲಿ ಎಂಟು ಟಿಕ್ ಆಗಿರುತ್ತವೆ, ಹತ್ತಕ್ಕೆ ಎಂಟು ಅಂತ ಬರೆದು ಮುಂದಿನ ಪತ್ರಿಕೆ ಎತ್ತಿಕೊಳ್ಳುತ್ತೇವೆ. ಆದರೆ ಆ ವಿದ್ಯಾರ್ಥಿ ಮಳೆಗೂ ಮುಳುಗಿದ ಊರಿಗೂ ನಡುವೆ ಏನು ನಡೆಯಿತು ಅಂತ ಒಂದು ಸಾಲಿನಲ್ಲೂ ಹೇಳಿರುವುದಿಲ್ಲ. ಕೇಸ್ ಸ್ಟಡಿ ಕೇಳಿದ್ದೇ ಅದನ್ನು ತಿಳಿಯೋಕೆ ಅಲ್ವಾ?

ಒಂದು ಪ್ರಶ್ನೆ, ಎರಡು ಉತ್ತರ ಇಟ್ಟುಕೊಂಡು ಅಂಕ ಕೊಡುವ ಕ್ರಮವನ್ನು ಇಲ್ಲಿ ಬಿಡಿಸಿ ತೋರಿಸುತ್ತೇನೆ. ಇದು ಕಿರು ಪರೀಕ್ಷೆ, ಪೂರ್ವಸಿದ್ಧತಾ ಪರೀಕ್ಷೆ, ಅಸೈನ್‌ಮೆಂಟ್‌ಗಳಿಗೆ. ವಾರ್ಷಿಕ ಪರೀಕ್ಷೆಯ ಮೌಲ್ಯಮಾಪನದಲ್ಲಿ ಮಂಡಳಿಯ ಕೀ ಉತ್ತರವೇ ಕೊನೆಯ ಮಾತು, ಅಲ್ಲಿ ನಮ್ಮ ಕ್ರಮ ತರುವಂತಿಲ್ಲ.

ಪ್ರಶ್ನೆ ಹೀಗಿದೆ ಅಂದುಕೊಳ್ಳಿ: "ಭಾರತದಲ್ಲಿ ಇತ್ತೀಚಿನ ವರ್ಷಗಳಲ್ಲಿ ಸಂಭವಿಸಿದ ಒಂದು ಪ್ರವಾಹವನ್ನು ಆರಿಸಿಕೊಂಡು, ಅದರ ಕಾರಣಗಳು ಯಾವ ಪರಿಣಾಮಗಳಿಗೆ ದಾರಿಯಾದವು ಎಂದು ವಿವರಿಸಿ. (10 ಅಂಕ)" ತರಗತಿಯಲ್ಲಿ ಹೆಚ್ಚಿನವರು ಬರೆಯುವುದು 2018ರ ಕೇರಳದ ಪ್ರವಾಹ. ಅದನ್ನೇ ತೆಗೆದುಕೊಳ್ಳೋಣ.

ಮೊದಲ ಹೆಜ್ಜೆ: ಕೀ ಉತ್ತರವನ್ನು ಸರಪಳಿಯಾಗಿ ಬರೆದುಕೊಳ್ಳಿ

ಸಾಮಾನ್ಯವಾಗಿ ಕೀ ಉತ್ತರ ಅಂದರೆ ಒಂದು ಪಟ್ಟಿ. ಕಾರಣಗಳು ಐದು, ಪರಿಣಾಮಗಳು ಐದು. ಪಟ್ಟಿ ಮುಂದಿದ್ದರೆ ನಾವೂ ಪಟ್ಟಿಯನ್ನೇ ಹುಡುಕುತ್ತೇವೆ. ಅದಕ್ಕೇ ಪತ್ರಿಕೆಗಳ ಕಟ್ಟು ಬಿಚ್ಚುವ ಮೊದಲು ಒಂದು ಬಿಳಿ ಹಾಳೆಯಲ್ಲಿ ಕಾರಣದಿಂದ ಪರಿಣಾಮದವರೆಗೆ ಬಾಣ ಹಾಕಿ ಬರೆಯಿರಿ. ಕೇರಳದ ಪ್ರವಾಹಕ್ಕೆ ನಾಲ್ಕು ಸರಪಳಿ ಸಾಕು.

ಮೊದಲನೆಯದು ಮಳೆಯದು. 2018ರ ಜೂನ್‌ನಲ್ಲಿ ಕೇರಳದಲ್ಲಿ ವಾಡಿಕೆಗಿಂತ ಶೇ 15ರಷ್ಟು, ಜುಲೈನಲ್ಲಿ ಶೇ 18ರಷ್ಟು ಹೆಚ್ಚು ಮಳೆಯಾಗಿತ್ತು. ಹಾಗಾಗಿ ಆಗಸ್ಟ್ ಬರುವ ಹೊತ್ತಿಗೇ ಮಣ್ಣು ನೀರು ಕುಡಿದು ಸಾಕಾಗಿತ್ತು. ಆಗಸ್ಟ್ 1ರಿಂದ 19ರವರೆಗೆ ವಾಡಿಕೆಗಿಂತ ಶೇ 164ರಷ್ಟು ಹೆಚ್ಚು ಮಳೆ ಸುರಿಯಿತು. ಇಂಗಲು ಜಾಗವಿಲ್ಲದ ನೀರು ನೇರವಾಗಿ ಹೊಳೆಗೆ ಇಳಿಯಿತು, ಹೊಳೆಗಳು ಗಂಟೆಗಳಲ್ಲಿ ಏರಿದವು.

ಎರಡನೆಯದು ಜಲಾಶಯಗಳದ್ದು. ದೊಡ್ಡ ಮಳೆ ಬರುವ ಮೊದಲೇ ಜಲಾಶಯಗಳು ತುಂಬಿದ್ದವು. ಹೊಸ ನೀರು ಹಿಡಿದಿಡಲು ಜಾಗ ಇರಲಿಲ್ಲ. ಮಳೆ ಸುರಿಯುತ್ತಿದ್ದಾಗಲೇ ಗೇಟು ತೆರೆಯಬೇಕಾಯಿತು. ಇಡುಕ್ಕಿ ಜಲಾಶಯದ ಚೆರುತೋಣಿ ಗೇಟುಗಳನ್ನು ಆಗಸ್ಟ್ 9ರಂದು 26 ವರ್ಷಗಳ ನಂತರ ತೆರೆದರು. ಅದೇ ಪೆರಿಯಾರ್ ನದಿಯ ಕೆಳಭಾಗದಲ್ಲಿ ಆಲುವಾ ಇದೆ, ಕೊಚ್ಚಿ ವಿಮಾನ ನಿಲ್ದಾಣವೂ ಅಲ್ಲೇ ಹತ್ತಿರ. ಆಲುವಾ ಮುಳುಗಿತು. ವಿಮಾನ ನಿಲ್ದಾಣ ಆಗಸ್ಟ್ 15ರಿಂದ 29ರವರೆಗೆ ಮುಚ್ಚಿತ್ತು.

ಮೂರನೆಯದು ಕುಟ್ಟನಾಡಿನದ್ದು, ನಾಲ್ಕನೆಯದು ಇಡುಕ್ಕಿ ಮತ್ತು ವಯನಾಡಿನ ಗುಡ್ಡಗಳದ್ದು. ಕುಟ್ಟನಾಡಿನಲ್ಲಿ ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ, ನೀರು ಹೊರಹೋಗುವ ದಾರಿ ಕಿರಿದು, ಅದಕ್ಕೇ ನೀರು ನಿಂತಿತು. ಗುಡ್ಡಗಳಲ್ಲಿ ರಸ್ತೆಗೂ ಮನೆಗೂ ಇಳಿಜಾರನ್ನು ಕತ್ತರಿಸಿದ್ದರು. ನೆನೆದು ಭಾರವಾದ ಮಣ್ಣಿಗೆ ಬುಡದಲ್ಲಿ ಆಸರೆ ಇರಲಿಲ್ಲ, ಕುಸಿಯಿತು.

ಇಷ್ಟನ್ನು ಬರೆದುಕೊಂಡರೆ ಒಂದು ಲಾಭವಿದೆ. ವಿದ್ಯಾರ್ಥಿ ಕಾರಣವನ್ನು ಬೇರೆ ಯಾವುದೋ ಪರಿಣಾಮಕ್ಕೆ ಕಟ್ಟಿದ್ದರೆ ತಕ್ಷಣ ಕಣ್ಣಿಗೆ ಬೀಳುತ್ತದೆ. ಪಟ್ಟಿಯ ಕೀ ಉತ್ತರದಲ್ಲಿ ಅದು ಯಾವತ್ತೂ ಸಿಕ್ಕಿಬೀಳುವುದಿಲ್ಲ, ಯಾಕೆಂದರೆ ಎರಡೂ ತುದಿ ಪಟ್ಟಿಯಲ್ಲಿ ಇದ್ದೇ ಇರುತ್ತವೆ.

ಎರಡನೇ ಹೆಜ್ಜೆ: ಹತ್ತು ಅಂಕ ಹಂಚಿಕೊಳ್ಳುವುದು

ನಾನು ಹಂಚುವುದು ಹೀಗೆ: ಉದಾಹರಣೆಗೆ 3, ಅಂಕಿ-ಅಂಶಕ್ಕೆ 3, ಕಾರಣ ಮತ್ತು ಪರಿಣಾಮವನ್ನು ಜೋಡಿಸಿದ್ದಕ್ಕೆ 4. ಜೋಡಣೆಗೆ ಒಂದು ಅಂಕ ಜಾಸ್ತಿ ಯಾಕೆಂದರೆ ಪ್ರಶ್ನೆ ಕೇಳಿರುವುದೇ "ದಾರಿಯಾದವು" ಅಂತ. ಪ್ರಶ್ನೆ "ಪರಿಣಾಮಗಳನ್ನು ಪಟ್ಟಿ ಮಾಡಿ" ಅಂತಿದ್ದರೆ ಈ ಹಂಚಿಕೆ ತಪ್ಪಾಗುತ್ತದೆ. ಪ್ರಶ್ನೆಯ ಕ್ರಿಯಾಪದ ನೋಡಿಕೊಂಡೇ ಹಂಚಬೇಕು.

ಪ್ರತಿಯೊಂದಕ್ಕೂ ಒಂದೊಂದು ಪರೀಕ್ಷೆ ಇಟ್ಟುಕೊಳ್ಳಿ. ಇವು ಮನಸ್ಸಿನಲ್ಲಿದ್ದರೆ ಅರ್ಧ ಗೊಂದಲ ಹೋಗುತ್ತದೆ.

ಉದಾಹರಣೆಗೆ: ಊರಿನ ಹೆಸರು ತೆಗೆದು ಬೇರೆ ಊರಿನ ಹೆಸರು ಹಾಕಿ ನೋಡಿ. ವಾಕ್ಯ ಹಾಗೇ ನಿಂತರೆ ಆ ಊರು ಅಲ್ಲಿ ಸುಮ್ನೆ ಕೂತಿದೆ. "ಕುಟ್ಟನಾಡಿನಲ್ಲಿ ಬೆಳೆ ಹಾಳಾಯಿತು" ಅನ್ನುವ ವಾಕ್ಯಕ್ಕೆ ಬೆಳಗಾವಿ ಹಾಕಿದರೂ ನಡೆಯುತ್ತದೆ. "ಕುಟ್ಟನಾಡು ಸಮುದ್ರಮಟ್ಟಕ್ಕಿಂತ ಕೆಳಗಿರುವುದರಿಂದ ನೀರು ಇಳಿಯಲಿಲ್ಲ" ಅನ್ನುವುದಕ್ಕೆ ಬೆಳಗಾವಿ ಹಾಕಲು ಬರುವುದಿಲ್ಲ.

ಅಂಕಿ-ಅಂಶಕ್ಕೆ: ಸಂಖ್ಯೆಯನ್ನು ಬೆರಳಿನಿಂದ ಮುಚ್ಚಿ ಓದಿ. ವಾಕ್ಯದ ವಾದಕ್ಕೆ ಏನೂ ಕಡಿಮೆಯಾಗದಿದ್ದರೆ ಆ ಸಂಖ್ಯೆ ಕೆಲಸ ಮಾಡುತ್ತಿಲ್ಲ.

ಜೋಡಣೆಗೆ: "ಹೇಗೆ?" ಅಂತ ಕೇಳಿ. ಉತ್ತರ ವಿದ್ಯಾರ್ಥಿಯ ಬರಹದಲ್ಲೇ ಸಿಗಬೇಕು. ನಿಮ್ಮ ತಲೆಯಿಂದ ಬಂದರೆ ಅದು ನಿಮ್ಮ ಅಂಕ, ಅವರದಲ್ಲ. ಈ ಕೊನೆಯದರಲ್ಲೇ ನಾವು ಜಾಸ್ತಿ ಜಾರುತ್ತೇವೆ. ವಿಷಯ ನಮಗೆ ಚೆನ್ನಾಗಿ ಗೊತ್ತಿರುವುದರಿಂದ, ಮಗು ಬಿಟ್ಟ ಜಾಗವನ್ನು ನಮಗೇ ತಿಳಿಯದೆ ತುಂಬಿಕೊಂಡು ಓದುತ್ತೇವೆ.

ಮೂರನೇ ಹೆಜ್ಜೆ: ಪೆನ್ನು ಕೆಳಗಿಟ್ಟು ಒಮ್ಮೆ ಓದಿ

ಮೊದಲ ಸಲ ಓದುವಾಗ ಟಿಕ್ ಹಾಕಬೇಡಿ. ಎರಡನೇ ಓದಿಗೆ ಪೆನ್ಸಿಲ್ ಹಿಡಿದು ಜೋಡಿಸುವ ಪದಗಳ ಕೆಳಗೆ ಗೆರೆ ಎಳೆಯಿರಿ: ಇದರಿಂದ, ಆದ್ದರಿಂದ, ಹೀಗಾಗಿ, ಕಾರಣ. ಈ ಪದ ಇದ್ದ ಮಾತ್ರಕ್ಕೆ ಅಂಕವಿಲ್ಲ. ಅದು ಇಲ್ಲಿ ಜೋಡಣೆ ಇದೆ ಅನ್ನುವ ಹೇಳಿಕೆ ಅಷ್ಟೇ, ಮುಂದೆ ಹಿಂದೆ ನೋಡಿ ಆ ಹೇಳಿಕೆ ನಿಜವೇ ಅಂತ ತೀರ್ಮಾನಿಸುವುದು ನಿಮ್ಮ ಕೆಲಸ. ಪದ ಇಲ್ಲದೆಯೂ ಜೋಡಣೆ ಇರಬಹುದು, ಅದನ್ನೂ ಬಿಡಬಾರದು.

ಈಗ ಒಂದು ಉತ್ತರ ನೋಡೋಣ. ನಾನು ಬರೆದ ಮಾದರಿ ಇದು, ಆದರೆ ಇಂಥದ್ದನ್ನು ನೀವು ಖಂಡಿತ ನೋಡಿರುತ್ತೀರಿ.

"2018ರ ಆಗಸ್ಟ್‌ನಲ್ಲಿ ಕೇರಳದಲ್ಲಿ ದೊಡ್ಡ ಪ್ರವಾಹ ಬಂತು. ಜೂನ್ 1ರಿಂದ ಆಗಸ್ಟ್ 19ರವರೆಗೆ ವಾಡಿಕೆಗಿಂತ ಶೇ 42ರಷ್ಟು ಹೆಚ್ಚು ಮಳೆಯಾಯಿತು. ಇದರಿಂದ 483 ಜನ ಸತ್ತರು. ಜುಲೈ ಹೊತ್ತಿಗೆ ಮಣ್ಣು ನೀರಿನಿಂದ ತುಂಬಿತ್ತು. ಆದ್ದರಿಂದ ಆಗಸ್ಟ್ ಮಧ್ಯದಲ್ಲಿ ಬಿದ್ದ ಮಳೆ ಇಂಗದೆ ನೇರವಾಗಿ ನದಿಗಳಿಗೆ ಹರಿದು ನದಿಗಳು ಉಕ್ಕಿದವು. ಇಡುಕ್ಕಿ ಅಣೆಕಟ್ಟಿನ ಗೇಟುಗಳನ್ನು 26 ವರ್ಷಗಳ ನಂತರ ತೆರೆದರು. ಪೆರಿಯಾರ್ ಉಕ್ಕಿ ಆಲುವಾ ಮುಳುಗಿತು, ಕೊಚ್ಚಿ ವಿಮಾನ ನಿಲ್ದಾಣ ಮುಚ್ಚಿತು. ಗಾಡ್ಗೀಳ್ ಸಮಿತಿಯ ವರದಿಯನ್ನು ಪಾಲಿಸದ ಕಾರಣ ಕುಟ್ಟನಾಡು ಮುಳುಗಿತು. ಕವಳಪ್ಪಾರದಲ್ಲಿ ಗುಡ್ಡ ಕುಸಿದು ತುಂಬಾ ಜನ ಸತ್ತರು. ಜೋಡುಪಾಲದಲ್ಲೂ ಗುಡ್ಡ ಕುಸಿಯಿತು. 14 ಲಕ್ಷ ಜನ ನಿರಾಶ್ರಿತರಾದರು. ಬೆಳೆ ನಾಶವಾಯಿತು, ರೋಗ ಹರಡಿತು, ಆರ್ಥಿಕ ನಷ್ಟವಾಯಿತು."

ಟಿಕ್ ಲೆಕ್ಕದಲ್ಲಿ ಇದು ಎಂಟು ಅಂಕದ ಉತ್ತರ. ಹೆಸರುಗಳಿವೆ, ಸಂಖ್ಯೆಗಳಿವೆ, ಪುಟ ತುಂಬಿದೆ. ಈಗ ಬಿಡಿಸಿ ನೋಡಿ.

ಉದಾಹರಣೆ

ಘಟನೆ, ರಾಜ್ಯ, ತಿಂಗಳು, ವರ್ಷ ಸರಿಯಾಗಿವೆ. 1 ಅಂಕ. ಇಡುಕ್ಕಿ, ಪೆರಿಯಾರ್, ಆಲುವಾ, ವಿಮಾನ ನಿಲ್ದಾಣ ಒಂದೇ ನದಿಯ ಮೇಲಿನ ಜಾಗಗಳು, ಒಟ್ಟಿಗೇ ಬಂದಿವೆ. ಇನ್ನೊಂದು ಅಂಕ. ಮೂರನೇ ಅಂಕ ಸ್ಥಳದ ಗುಣವನ್ನು ಬಳಸಿದ್ದಕ್ಕೆ. ಕುಟ್ಟನಾಡು ಅಂತ ಬರೆದಿದ್ದಾರೆ, ಆದರೆ ಅದು ಎಂಥ ಜಾಗ ಅಂತ ಹೇಳಿಲ್ಲ. ಆ ಅಂಕ ಸಿಗುವುದಿಲ್ಲ.

ಕವಳಪ್ಪಾರ ಇರುವುದು ಮಲಪ್ಪುರಂ ಜಿಲ್ಲೆಯಲ್ಲಿ, ಅಲ್ಲಿ ಗುಡ್ಡ ಕುಸಿದದ್ದು 2019ರ ಆಗಸ್ಟ್‌ನಲ್ಲಿ. ಒಂದು ವರ್ಷದ ಆಚೆಗಿನ ಘಟನೆ. ಹಾಗೇ ಮುಂಡಕ್ಕೈ, ಚೂರಲ್‌ಮಲ ಅಂತ ಬರೆಯುವವರೂ ಇದ್ದಾರೆ, ಅದು 2024ರ ಜುಲೈ 30ರದು. ಕೇರಳದಲ್ಲಿ ಆಗಸ್ಟ್ ಮಳೆ, ಗುಡ್ಡ ಕುಸಿತ ಮತ್ತೆ ಮತ್ತೆ ಸುದ್ದಿಯಾದ್ದರಿಂದ ಮಕ್ಕಳು ವರ್ಷಗಳನ್ನು ಬೆರೆಸುತ್ತಾರೆ. ಇದಕ್ಕೆ ಅಂಕ ಕಳೆಯಬೇಡಿ, ಕೊಡಲೂ ಬೇಡಿ. ಮಾರ್ಜಿನ್‌ನಲ್ಲಿ "2019" ಅಂತ ಬರೆದರೆ ಸಾಕು, ಅವರಿಗೆ ಅರ್ಥವಾಗುತ್ತದೆ.

ಜೋಡುಪಾಲ ಸ್ವಲ್ಪ ಯೋಚಿಸಬೇಕಾದ ವಿಷಯ. ಅದು ನಮ್ಮ ಕೊಡಗಿನ ಅಂಚಿನ ಊರು. 2018ರ ಅದೇ ಆಗಸ್ಟ್ ಮಳೆಯಲ್ಲಿ ಅಲ್ಲಿಯೂ ಮಕ್ಕಂದೂರಿನ ಕಡೆಯೂ ಗುಡ್ಡ ಕುಸಿದದ್ದು ನಿಜ. ಒಂದೇ ಮಳೆಯ ಎರಡು ಮುಖ ಅಂತ ತೋರಿಸಲು ವಿದ್ಯಾರ್ಥಿ ಅದನ್ನು ತಂದಿದ್ದರೆ ಒಳ್ಳೆಯ ಉದಾಹರಣೆ. "ಇದೇ ಮಳೆ ಗಡಿಯಾಚೆ ಕೊಡಗಿನಲ್ಲಿ ಪ್ರವಾಹಕ್ಕಿಂತ ಭೂಕುಸಿತವನ್ನು ಹೆಚ್ಚು ತಂದಿತು, ಯಾಕೆಂದರೆ ಅಲ್ಲಿ ಕಡಿದಾದ ಇಳಿಜಾರು ಜಾಸ್ತಿ" ಅಂತ ಬರೆದಿದ್ದರೆ ನಾನು ಮೂರನೇ ಅಂಕವನ್ನೂ ಕೊಡುತ್ತಿದ್ದೆ. ಇಲ್ಲಿ ಕೇರಳದ ಪಟ್ಟಿಗೆ ಸೇರಿಸಿ ಬಿಟ್ಟಿದ್ದಾರೆ. ಹಾಗಾಗಿ ಉದಾಹರಣೆಗೆ 2.

ಇಡೀ ಉತ್ತರವನ್ನೇ ಕೊಡಗಿನ ಭೂಕುಸಿತದ ಮೇಲೆ ಬರೆದವರಿಗೆ ಏನು ಮಾಡುವುದು? ಪ್ರಶ್ನೆ ಪ್ರವಾಹದ್ದು. ಭೂಕುಸಿತವನ್ನು ಪ್ರವಾಹಕ್ಕೆ ಕಟ್ಟಿ ಬರೆದಿದ್ದರೆ, ಅಂದರೆ ಕುಸಿದ ಮಣ್ಣು ಹೊಳೆಯ ದಾರಿ ಮುಚ್ಚಿ ನೀರು ಪಕ್ಕಕ್ಕೆ ನುಗ್ಗಿತು ಅನ್ನುವ ಹಾಗೆ, ಉದಾಹರಣೆ ಸಲ್ಲುತ್ತದೆ. ಬರೀ ಭೂಕುಸಿತದ ಕತೆಯಾಗಿದ್ದರೆ ಉದಾಹರಣೆಯ ಅಂಕದಲ್ಲಿ 1ಕ್ಕಿಂತ ಜಾಸ್ತಿ ಕೊಡಬೇಡಿ. ಆದರೆ ಜೋಡಣೆಯ ಅಂಕಗಳನ್ನು ಬೇರೆಯಾಗಿ ನೋಡಿ. ಒಂದು ಕಡೆಯ ತಪ್ಪಿಗೆ ಎಲ್ಲ ಕಡೆ ಬರೆ ಎಳೆಯಬಾರದು.

ಅಂಕಿ-ಅಂಶ

ಇಲ್ಲಿ ಮೂರು ಅಂಕ ಮೂರು ಬೇರೆ ಕೆಲಸಗಳಿಗೆ. ಅವಧಿ, ಅಳತೆ ಅಥವಾ ಹೋಲಿಕೆಯೊಂದಿಗೆ ಸರಿಯಾದ ಸಂಖ್ಯೆ ಕೊಟ್ಟರೆ 1. ಕಾರಣದ ಕಡೆಯೂ ಪರಿಣಾಮದ ಕಡೆಯೂ ಸಂಖ್ಯೆ ಇದ್ದರೆ 1. ಸಂಖ್ಯೆ ಒಂದು ಮಾತನ್ನು ಸಾಬೀತು ಮಾಡಿದರೆ 1.

ಶೇ 42ಕ್ಕೆ ಅವಧಿ ಇದೆ, "ವಾಡಿಕೆಗಿಂತ" ಅನ್ನುವ ಹೋಲಿಕೆ ಇದೆ. ಮೊದಲ ಅಂಕ ಬಂತು. ಮಳೆ ಕಾರಣದ ಕಡೆ, ಸಾವು ಮತ್ತು ನಿರಾಶ್ರಿತರು ಪರಿಣಾಮದ ಕಡೆ. ಎರಡನೇ ಅಂಕವೂ ಬಂತು. ಮೂರನೆಯದು? 26 ವರ್ಷ ಅನ್ನುವುದು ಚೆನ್ನಾಗಿ ಕೆಲಸ ಮಾಡಬಹುದಾದ ಸಂಖ್ಯೆ. ಅಷ್ಟು ವರ್ಷ ತೆರೆಯದ ಗೇಟು ತೆರೆದರು ಅಂದರೆ ಜಲಾಶಯ ಎಷ್ಟು ತುಂಬಿತ್ತು ಅಂತ ತೋರಿಸುತ್ತದೆ. ಆದರೆ ವಿದ್ಯಾರ್ಥಿ ಅದನ್ನು ಹೇಳಿಲ್ಲ, ಗೇಟು ತೆರೆದದ್ದನ್ನು ಒಂದು ಸುದ್ದಿಯ ಹಾಗೆ ಬಿಟ್ಟಿದ್ದಾರೆ. ಬೆರಳಿನಿಂದ 26 ಮುಚ್ಚಿ ನೋಡಿ, ವಾಕ್ಯಕ್ಕೆ ಏನೂ ಆಗುವುದಿಲ್ಲ. ಅಂಕಿ-ಅಂಶಕ್ಕೂ 2.

ಸಂಖ್ಯೆಗಳ ಬಗ್ಗೆ ಎರಡು ಮಾತು ಹೇಳಲೇಬೇಕು. ಸತ್ತವರ ಸಂಖ್ಯೆ ಒಬ್ಬರ ಪತ್ರಿಕೆಯಲ್ಲಿ 483 ಇರುತ್ತದೆ, ಇನ್ನೊಬ್ಬರದರಲ್ಲಿ 433. ಎರಡೂ ಸರಿ. 483 ಅನ್ನುವುದು ಆಗ ರಾಜ್ಯ ಸರ್ಕಾರ ಹೇಳಿದ್ದು. ವಿಶ್ವಸಂಸ್ಥೆಯ ನೆರವಿನಿಂದ ತಯಾರಾದ ನಷ್ಟ ಅಂದಾಜಿನ ವರದಿಯಲ್ಲಿ ಮೇ 22ರಿಂದ ಆಗಸ್ಟ್ 29ರವರೆಗಿನ ಲೆಕ್ಕ 433. ಎಣಿಸಿದ ಅವಧಿ, ಎಣಿಸಿದವರು ಬೇರೆಯಾದರೆ ಸಂಖ್ಯೆಯೂ ಬೇರೆಯಾಗುತ್ತದೆ. "ಸುಮಾರು 450" ಅಂತ ಬರೆದವರಿಗೂ ಕೊಡಿ. 4,800 ಅಂತ ಬರೆದರೆ ಮಾತ್ರ ಬೇಡ. ಕೇಸ್ ಸ್ಟಡಿಯಲ್ಲಿ ಅಂಕಿಯ ಕೊನೆಯ ಸ್ಥಾನಕ್ಕಿಂತ ಅದರ ಗಾತ್ರ ಸರಿ ಇದೆಯೇ ಅನ್ನುವುದು ಮುಖ್ಯ.

ಎರಡನೆಯದು ಶೇ 42 ಮತ್ತು ಶೇ 164ರ ಗೊಂದಲ. "ಆಗಸ್ಟ್‌ನಲ್ಲಿ ಶೇ 42ರಷ್ಟು ಹೆಚ್ಚು ಮಳೆ" ಅಂತ ತುಂಬಾ ಜನ ಬರೆಯುತ್ತಾರೆ. ಅದು ತಪ್ಪು. 42 ಅನ್ನುವುದು ಜೂನ್‌ನಿಂದ ಆಗಸ್ಟ್ 19ರವರೆಗಿನ ಒಟ್ಟು ಲೆಕ್ಕ, ಆಗಸ್ಟ್‌ನ ಮೊದಲ 19 ದಿನದ್ದು 164. ಇದನ್ನು ಸಣ್ಣ ತಪ್ಪು ಅಂತ ಬಿಡುವುದಕ್ಕಿಂತ ಮಾರ್ಜಿನ್‌ನಲ್ಲಿ ತೋರಿಸುವುದು ಒಳ್ಳೆಯದು, ಯಾಕೆಂದರೆ ಎರಡು ಸಂಖ್ಯೆಗಳು ಎರಡು ಬೇರೆ ವಾದಕ್ಕೆ ಬೇಕು. ಮಣ್ಣು ಮತ್ತು ಜಲಾಶಯ ಮೊದಲೇ ತುಂಬಿದ್ದವು ಅಂತ ಹೇಳಲು ಜೂನ್-ಜುಲೈ ಸಂಖ್ಯೆ ಬೇಕು. ನದಿಗಳು ಒಮ್ಮೆಲೇ ಏರಿದವು ಅಂತ ಹೇಳಲು ಆಗಸ್ಟ್‌ನ ಸಂಖ್ಯೆ ಬೇಕು. 42ರ ಒಳಗೆ ಎರಡೂ ಬೆರೆತಿವೆ. ಅದು ಪ್ರವಾಹ ಎಷ್ಟು ದೊಡ್ಡದು ಅಂತ ಹೇಳುತ್ತದೆಯೇ ಹೊರತು ಹೇಗೆ ಬಂತು ಅಂತ ಹೇಳುವುದಿಲ್ಲ. ಈ ವ್ಯತ್ಯಾಸ ಹಿಡಿದ ವಿದ್ಯಾರ್ಥಿ ಸಿಕ್ಕರೆ ಅಂಕಿ-ಅಂಶದ ಮೂರೂ ಅಂಕ ಧಾರಾಳವಾಗಿ ಕೊಡಿ.

ಜೋಡಣೆ

ಒಂದು ಪೂರ್ತಿ ಜೋಡಣೆಗೆ 1 ಅಂಕ. ಪೂರ್ತಿ ಅಂದರೆ ಕಾರಣ, ಅದು ಕೆಲಸ ಮಾಡಿದ ಬಗೆ, ಆದ ಪರಿಣಾಮ ಮೂರೂ ಇರಬೇಕು. ನಡುವಿನ ಕೊಂಡಿ ಬಿಟ್ಟುಹೋಗಿ ಎರಡು ತುದಿಗಳು ಮಾತ್ರ ಸರಿಯಾಗಿ ಹತ್ತಿರ ಇದ್ದರೆ ಅರ್ಧ.

ಮಣ್ಣು ತುಂಬಿತ್ತು, ಆದ್ದರಿಂದ ಮಳೆ ಇಂಗದೆ ಹರಿಯಿತು, ನದಿಗಳು ಉಕ್ಕಿದವು. "ಹೇಗೆ?" ಅಂತ ಕೇಳಿದರೆ ಉತ್ತರ ಅಲ್ಲೇ ಇದೆ: ಇಂಗಲಿಲ್ಲ. ಪೂರ್ತಿ 1.

ಇಡುಕ್ಕಿ ಗೇಟು ತೆರೆದರು, ಪೆರಿಯಾರ್ ಉಕ್ಕಿ ಆಲುವಾ ಮುಳುಗಿತು. ನಮಗೆ ಗೊತ್ತು, ಇಡುಕ್ಕಿ ಜಲಾಶಯ ಪೆರಿಯಾರ್ ಮೇಲೆಯೇ ಇದೆ, ಆಲುವಾ ಅದರ ಕೆಳಗಿದೆ. ವಿದ್ಯಾರ್ಥಿಗೂ ಗೊತ್ತಿರಬಹುದು. ಆದರೆ ಬರೆದಿಲ್ಲ. ಒಂದರ ನಂತರ ಒಂದು ಘಟನೆ ಹೇಳಿದ್ದಾರೆ, ಒಂದರಿಂದ ಇನ್ನೊಂದು ಅಂತ ಹೇಳಿಲ್ಲ. ಕ್ರಮ ಸರಿಯಾಗಿರುವುದರಿಂದ ಅರ್ಧ ಅಂಕ.

ಶೇ 42 ಮಳೆ, "ಇದರಿಂದ" 483 ಸಾವು. ಮಧ್ಯೆ ಇಡೀ ಪ್ರವಾಹವೇ ಹಾರಿಹೋಗಿದೆ. ಮಳೆಯಿಂದ ಜನ ಹೇಗೆ ಸತ್ತರು? ಗುಡ್ಡ ಕುಸಿದೋ, ನೀರಿನಲ್ಲಿ ಕೊಚ್ಚಿಹೋಗಿಯೋ? ಅಂಕವಿಲ್ಲ.

ಗಾಡ್ಗೀಳ್ ವರದಿ ಪಾಲಿಸದ ಕಾರಣ ಕುಟ್ಟನಾಡು ಮುಳುಗಿತು. ಇದನ್ನು ಸ್ವಲ್ಪ ನಿಂತು ನೋಡಬೇಕು. 2011ರ ಆ ವರದಿ ಪಶ್ಚಿಮ ಘಟ್ಟಗಳ ಬಗ್ಗೆ. ಘಟ್ಟದ ಇಳಿಜಾರುಗಳಲ್ಲಿ ಗಣಿಗಾರಿಕೆ, ಕಟ್ಟಡ, ಭೂಬಳಕೆಯ ಬದಲಾವಣೆ ತಡೆಯಬೇಕು ಅಂತ ಹೇಳಿತ್ತು. ಅದನ್ನು ಇಡುಕ್ಕಿ ಅಥವಾ ವಯನಾಡಿನ ಭೂಕುಸಿತಕ್ಕೆ ಕಟ್ಟಿದ್ದರೆ ಒಳ್ಳೆಯ ಜೋಡಣೆ ಆಗುತ್ತಿತ್ತು. ಕುಟ್ಟನಾಡು ಕರಾವಳಿಯ ತಗ್ಗು ಗದ್ದೆ ಬಯಲು. ಅಲ್ಲಿ ನೀರು ನಿಂತದ್ದಕ್ಕೆ ನೇರ ಕಾರಣ ಬೇರೆ. ಕಾರಣವೂ ನಿಜ, ಪರಿಣಾಮವೂ ನಿಜ, ನಡುವಿನ ಬಾಣ ಮಾತ್ರ ತಪ್ಪು ಕಡೆ ಹೋಗಿದೆ. ಅಂಕವಿಲ್ಲ. ಟಿಕ್ ಹಾಕುವ ಪದ್ಧತಿಯಲ್ಲಿ ಈ ವಾಕ್ಯಕ್ಕೆ ಎರಡು ಟಿಕ್ ಬೀಳುತ್ತಿತ್ತು, ಅದಕ್ಕೇ ನಾನು ಸರಪಳಿಯ ಕೀ ಉತ್ತರಕ್ಕೆ ಇಷ್ಟು ಒತ್ತಾಯ ಮಾಡುವುದು.

ಕೊನೆಯ ಸಾಲು: ಬೆಳೆ ನಾಶ, ರೋಗ, ಆರ್ಥಿಕ ನಷ್ಟ. ಯಾವ ಪ್ರವಾಹಕ್ಕಾದರೂ ಅಂಟಿಸಬಹುದಾದ ಸಾಲು. ಏನೂ ಇಲ್ಲ.

ಜೋಡಣೆಗೆ ಒಟ್ಟು 1½. ಎಲ್ಲ ಸೇರಿ 2 + 2 + 1½ = 5½. ಪುಟ ತುಂಬಿದ ಉತ್ತರಕ್ಕೆ ಐದೂವರೆ ಅಂದರೆ ಕೈ ಹಿಂಜರಿಯುತ್ತದೆ ನಿಜ. ಆದರೆ ಪಕ್ಕದಲ್ಲಿ ಈ ಉತ್ತರ ಇಟ್ಟು ನೋಡಿ.

"2018ರ ಆಗಸ್ಟ್‌ನ ಕೇರಳ ಪ್ರವಾಹದಲ್ಲಿ ಕುಟ್ಟನಾಡು ಬಹಳ ದಿನ ನೀರಿನಲ್ಲಿತ್ತು. ಇದು ಸಮುದ್ರಮಟ್ಟಕ್ಕಿಂತ ಕೆಳಗಿರುವ ಜಾಗ. ಪಂಪಾ, ಅಚ್ಚನ್‌ಕೋವಿಲ್ ನದಿಗಳ ಪ್ರವಾಹದ ನೀರು ಬೇಗ ಸಮುದ್ರ ಸೇರಲಿ ಅಂತ ತೋಟ್ಟಪ್ಪಳ್ಳಿಯಲ್ಲಿ ಸ್ಪಿಲ್‌ವೇ ಕಟ್ಟಿದ್ದಾರೆ. ಅದು ಸೆಕೆಂಡಿಗೆ 1920 ಘನ ಮೀಟರ್ ನೀರು ಬಿಡಬೇಕಿತ್ತು, ಬಿಡುವುದು 630 ಮಾತ್ರ. ಬಂದಷ್ಟು ನೀರು ಹೊರಗೆ ಹೋಗಲು ಆಗದೆ ಮಳೆ ನಿಂತ ಮೇಲೂ ನೀರು ಇಳಿಯಲಿಲ್ಲ. ಹೀಗಾಗಿ ಮನೆಗಳಿಗೆ ವಾಪಸ್ ಹೋಗಲಾಗದೆ ಜನ ಶಿಬಿರಗಳಲ್ಲೇ ಉಳಿಯಬೇಕಾಯಿತು."

ಆರೇ ವಾಕ್ಯ. ಉದಾಹರಣೆಗೆ 3, ಯಾಕೆಂದರೆ ಜಾಗದ ಗುಣವೇ ವಾದದ ಬುನಾದಿ. ಅಂಕಿ-ಅಂಶದಲ್ಲಿ 1920 ಮತ್ತು 630 ಎರಡೂ ಅಳತೆಯೊಂದಿಗೆ, ಹೋಲಿಕೆಯೊಂದಿಗೆ ಬಂದಿವೆ. ಬೆರಳಿನಿಂದ ಮುಚ್ಚಿದರೆ ವಾದ ಕುಸಿಯುತ್ತದೆ. 2 ಅಂಕ. ಪರಿಣಾಮದ ಕಡೆ ಸಂಖ್ಯೆ ಇಲ್ಲ, ಎಷ್ಟು ಜನ, ಎಷ್ಟು ದಿನ ಅಂತ ಹೇಳಿಲ್ಲ, ಹಾಗಾಗಿ ಎರಡೂ ಕಡೆಯ ಸಂಖ್ಯೆಗೆ ಇಟ್ಟ ಅಂಕ ಇಲ್ಲ. ಜೋಡಣೆ ಎರಡು ಪೂರ್ತಿಯಾಗಿವೆ: ಕಿರಿದಾದ ದಾರಿಯಿಂದ ನೀರು ನಿಂತದ್ದು, ನಿಂತ ನೀರಿನಿಂದ ಜನ ಶಿಬಿರದಲ್ಲಿ ಉಳಿದದ್ದು. 2 ಅಂಕ. ಪ್ರಶ್ನೆ "ಕಾರಣಗಳು" ಅಂತ ಕೇಳಿದೆ, ಇವರು ಒಂದೇ ಎಳೆ ಹಿಡಿದಿದ್ದಾರೆ. ಮಳೆ ಯಾಕೆ ಅಷ್ಟು ಬಂತು, ನದಿಗಳು ಯಾಕೆ ತುಂಬಿದ್ದವು ಅನ್ನುವುದೇ ಇಲ್ಲ. ಹಾಗಾಗಿ ಉಳಿದ 2 ಇಲ್ಲ. ಒಟ್ಟು 7.

ಚಿಕ್ಕ ಉತ್ತರಕ್ಕೆ ಜಾಸ್ತಿ ಅಂಕ ಬಂದಾಗ ಮಕ್ಕಳು ಕೇಳಿಯೇ ಕೇಳುತ್ತಾರೆ, ಕೆಲವೊಮ್ಮೆ ಪೋಷಕರೂ. ಆಗ ಮಾತಿನಲ್ಲಿ ಸಮಜಾಯಿಷಿ ಕೊಡುವುದಕ್ಕಿಂತ 3-3-4 ಹಂಚಿಕೆಯನ್ನು ಪತ್ರಿಕೆಯ ಮೇಲ್ಭಾಗದಲ್ಲೇ ಬರೆದಿಡಿ: "ಉ 2, ಅಂ 2, ಜೋ 1½". ಎಲ್ಲಿ ಹೋಯಿತು ಅಂತ ಅವರೇ ನೋಡಿಕೊಳ್ಳುತ್ತಾರೆ.

ವಾದವಿರುವ ಕಾರಣ ಬಂದಾಗ

ಕೇರಳದ ಪ್ರವಾಹದಲ್ಲಿ ಅಣೆಕಟ್ಟುಗಳ ಪಾತ್ರದ ಬಗ್ಗೆ ಒಮ್ಮತವಿಲ್ಲ. ಮಳೆಯೇ ಅಸಾಧಾರಣವಾಗಿತ್ತು, ಅಣೆಕಟ್ಟುಗಳಿಂದ ನೀರು ಬಿಟ್ಟದ್ದು ಪ್ರವಾಹವನ್ನು ಹೆಚ್ಚಿಸಲಿಲ್ಲ ಅಂತ ಕೇಂದ್ರ ಜಲ ಆಯೋಗ 2018ರ ವರದಿಯಲ್ಲಿ ಹೇಳಿತು. ಕೇರಳ ಹೈಕೋರ್ಟ್‌ಗೆ 2019ರಲ್ಲಿ ಅಮಿಕಸ್ ಕ್ಯೂರಿ, ಅಂದರೆ ಕೋರ್ಟಿಗೆ ನೆರವಾಗಲು ನೇಮಕವಾದ ವಕೀಲರು, ಕೊಟ್ಟ ವರದಿ ಅಣೆಕಟ್ಟುಗಳ ನಿರ್ವಹಣೆಯನ್ನು ಟೀಕಿಸಿತು. ಹೀಗಿರುವಾಗ "ಅಣೆಕಟ್ಟೇ ಕಾರಣ" ಅಂತ ಬರೆದವರಿಗೂ "ಮಳೆಯೇ ಕಾರಣ" ಅಂತ ಬರೆದವರಿಗೂ ನಿಮ್ಮ ಅಭಿಪ್ರಾಯದಿಂದ ಅಂಕ ಕೊಡಬೇಡಿ. ಇಬ್ಬರಿಗೂ ಕೇಳುವ ಪ್ರಶ್ನೆ ಒಂದೇ: ಹೇಗೆ? "ಮಳೆಗಾಲದ ಮಧ್ಯದಲ್ಲೇ ಜಲಾಶಯ ತುಂಬಿಸಿಟ್ಟದ್ದರಿಂದ ದೊಡ್ಡ ಮಳೆ ಬಂದಾಗ ಹಿಡಿದಿಡಲು ಜಾಗವಿರಲಿಲ್ಲ, ಮಳೆಯ ನೀರಿನ ಜೊತೆಗೇ ಬಿಡಬೇಕಾಯಿತು" ಅಂತ ಬರೆದರೆ ಅದು ಪೂರ್ತಿ ಜೋಡಣೆ, ನೀವು ಒಪ್ಪಿದರೂ ಒಪ್ಪದಿದ್ದರೂ.

ಆದರೆ "ಅಣೆಕಟ್ಟು ಒಡೆದು ನೀರು ನುಗ್ಗಿತು" ಅಂತ ಬರೆದರೆ ಅದು ಅಭಿಪ್ರಾಯವಲ್ಲ, ತಪ್ಪು ಮಾಹಿತಿ. ಗೇಟು ತೆರೆದರು, ಅಣೆಕಟ್ಟು ಒಡೆಯಲಿಲ್ಲ. ಆ ಜೋಡಣೆಗೆ ಅಂಕವಿಲ್ಲ.

ಚಿತ್ರ, ನಕ್ಷೆ, ಬಾಣದ ಗುರುತು

ಕೆಲವರು ಪೆಟ್ಟಿಗೆ ಬರೆದು ಬಾಣ ಹಾಕುತ್ತಾರೆ. ಮಳೆ, ಬಾಣ, ಪ್ರವಾಹ, ಬಾಣ, ಸಾವು. ಬರೀ ಬಾಣ ಅಂದರೆ "ಇದರಿಂದ" ಅನ್ನುವ ಪದವಿದ್ದ ಹಾಗೆಯೇ. ಬಾಣದ ಮೇಲೆ "ಮಣ್ಣು ಇಂಗಿಸಿಕೊಳ್ಳಲಿಲ್ಲ" ಅಂತ ಬರೆದಿದ್ದರೆ ವಾಕ್ಯದಷ್ಟೇ ಬೆಲೆ ಕೊಡಿ. ನಕ್ಷೆಯಲ್ಲಿ ಪೆರಿಯಾರ್ ಎಳೆದು ಮೇಲೆ ಇಡುಕ್ಕಿ, ಕೆಳಗೆ ಆಲುವಾ ಗುರುತಿಸಿದ್ದರೆ ಮೊದಲ ಉತ್ತರದಲ್ಲಿ ಬಿಟ್ಟುಹೋದ ಅರ್ಧ ಅಂಕ ಅಲ್ಲಿ ಸಿಕ್ಕಿಬಿಡುತ್ತಿತ್ತು. ಊರಿನ ಹೆಸರಿನ ಕಾಗುಣಿತಕ್ಕೆ ಅಂಕ ಕತ್ತರಿಸಬೇಡಿ. ಆಲುವಾ, ಅಲುವ, ಆಲ್ವಾ ಯಾವುದಾದರೂ ಸರಿ.

ಕಟ್ಟಿನ ಮಧ್ಯದಲ್ಲಿ ಅಳತೆ ಬದಲಾಗದ ಹಾಗೆ

ಒಂದೇ ಕೂತಿನಲ್ಲಿ ನಲವತ್ತು ಪತ್ರಿಕೆ ನೋಡುವಾಗ ಜೋಡಣೆಯ ಅಳತೆ ತಾನಾಗಿಯೇ ಸಡಿಲವಾಗುತ್ತದೆ. ಒಂದೇ ವಾಕ್ಯವನ್ನು ಹತ್ತು ಸಲ ಓದಿದ ಮೇಲೆ ಬಿಟ್ಟುಹೋದ ಕೊಂಡಿ ಕಾಣುವುದೇ ಇಲ್ಲ. ಇದಕ್ಕೆ ಒಂದು ಉಪಾಯ: ಮೊದಲು ಎಲ್ಲ ಪತ್ರಿಕೆಗಳ ಜೋಡಣೆಯನ್ನು ಮಾತ್ರ ನೋಡಿ ಮುಗಿಸಿ. ಉದಾಹರಣೆ ಮತ್ತು ಅಂಕಿ-ಅಂಶ ಎರಡನೇ ಸುತ್ತಿಗೆ ಇರಲಿ, ಅವು ಬೇಗ ಮುಗಿಯುತ್ತವೆ. ಹತ್ತು ಪತ್ರಿಕೆ ಆದ ಮೇಲೆ ಮೊದಲ ಎರಡನ್ನು, ಅಂಕ ಕಾಣದ ಹಾಗೆ ಮಡಚಿ, ಮತ್ತೆ ನೋಡಿ. ಅರ್ಧ ಅಂಕದ ವ್ಯತ್ಯಾಸ ಪರವಾಗಿಲ್ಲ. ಒಂದಕ್ಕಿಂತ ಜಾಸ್ತಿ ಬಂದರೆ ಆ ಹತ್ತನ್ನೂ ಇನ್ನೊಮ್ಮೆ ನೋಡಬೇಕು.

ಇಬ್ಬರು ಶಿಕ್ಷಕರು ಒಂದೇ ತರಗತಿಯ ಪತ್ರಿಕೆ ಹಂಚಿಕೊಂಡಿದ್ದರೆ ಮೊದಲು ಇಬ್ಬರೂ ಒಂದೇ ಪತ್ರಿಕೆಗೆ ಬೇರೆ ಬೇರೆಯಾಗಿ ಅಂಕ ಹಾಕಿ ಹೋಲಿಸಿ. ವ್ಯತ್ಯಾಸ ಬರುವುದು ಹೆಚ್ಚಾಗಿ ಅರ್ಧ ಜೋಡಣೆಯಲ್ಲೇ. ಇಡುಕ್ಕಿ, ಆಲುವಾ ವಾಕ್ಯಕ್ಕೆ ಒಬ್ಬರು 1, ಇನ್ನೊಬ್ಬರು 0 ಕೊಟ್ಟಿರುತ್ತಾರೆ. ಅದನ್ನು ಮಾತಾಡಿ ತೀರ್ಮಾನಿಸಿಕೊಂಡು ಕೀ ಉತ್ತರದ ಹಾಳೆಯಲ್ಲಿ ಬರೆದಿಡಿ.

ಮಾರ್ಜಿನ್‌ನಲ್ಲಿ ಏನು ಬರೆಯುವುದು

"ಇನ್ನಷ್ಟು ವಿವರಿಸಿ" ಅಂತ ಬರೆದರೆ ಮುಂದಿನ ಸಲ ಇನ್ನೂ ಎರಡು ಊರಿನ ಹೆಸರು ಸೇರುತ್ತವೆ, ಅಷ್ಟೇ. ಅದರ ಬದಲು ಆ ವಾಕ್ಯಕ್ಕೆ ಮಾತ್ರ ಸಲ್ಲುವ ಒಂದು ಪ್ರಶ್ನೆ ಬರೆಯಿರಿ. ಶೇ 42ರ ಪಕ್ಕ: "ಮಳೆಗೂ ಸಾವಿಗೂ ನಡುವೆ ಏನಾಯಿತು?" 26 ವರ್ಷದ ಪಕ್ಕ: "ಇದು ಏನನ್ನು ತೋರಿಸುತ್ತದೆ?" ಗಾಡ್ಗೀಳ್ ವಾಕ್ಯದ ಪಕ್ಕ: "ವರದಿ ಘಟ್ಟದ್ದು, ಕುಟ್ಟನಾಡು ಎಲ್ಲಿದೆ?" ಒಂದು ಪತ್ರಿಕೆಗೆ ಮೂರು ಪ್ರಶ್ನೆ ಸಾಕು.

ಪತ್ರಿಕೆ ವಾಪಸ್ ಕೊಟ್ಟ ದಿನ ಇಡೀ ಉತ್ತರ ಮತ್ತೆ ಬರೆಸಬೇಡಿ. ಮೂರರಲ್ಲಿ ಒಂದು ಪ್ರಶ್ನೆ ಆರಿಸಿಕೊಂಡು ಆ ಒಂದು ಸಾಲನ್ನು ಮಾತ್ರ ತಿದ್ದಿ ಬರೆಯಲಿ. ಸರಿಯಾಗಿ ತಿದ್ದಿದರೆ ಅದು ಹೀಗೆ ಬರುತ್ತದೆ: "ಇಡುಕ್ಕಿ ಜಲಾಶಯ ತುಂಬಿ 26 ವರ್ಷಗಳಲ್ಲಿ ತೆರೆಯದ ಗೇಟುಗಳನ್ನು ತೆರೆಯಬೇಕಾಯಿತು. ಆ ನೀರು ಮಳೆಯಿಂದ ಮೊದಲೇ ತುಂಬಿ ಹರಿಯುತ್ತಿದ್ದ ಪೆರಿಯಾರ್‌ಗೆ ಸೇರಿ ಕೆಳಗಿನ ಆಲುವಾ ಮುಳುಗಿತು." ಮೊದಲ ಉತ್ತರದ ಅದೇ ಹೆಸರುಗಳು, ಅದೇ ಸಂಖ್ಯೆ. ಈಗ ಜೋಡಣೆಗೆ ಅರ್ಧದ ಬದಲು ಒಂದು ಅಂಕ, ಅಂಕಿ-ಅಂಶಕ್ಕೆ ಬಿಟ್ಟುಹೋಗಿದ್ದ ಮೂರನೇ ಅಂಕ. ಐದೂವರೆ ಏಳಾಗುತ್ತದೆ. ಹಳೆಯ ಅಂಕ ರಿಜಿಸ್ಟರ್‌ನಲ್ಲಿ ಹಾಗೇ ಇರಲಿ, ಹೊಸದನ್ನು ಪತ್ರಿಕೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದುಕೊಡಿ.